ಗೆಳೆಯನ ರೀಲ್, ನಿಮ್ಮ ಹೊಟ್ಟೆಯುರಿ ಮತ್ತು ಒಂದು ಮದುವೆಯ ಲೆಕ್ಕ

ಪ್ರಶ್ನೆ: ಶಿವಮೊಗ್ಗದಲ್ಲಿ ಎಂಟು ವರ್ಷದಿಂದ ಮದುವೆ ಫೋಟೊಗ್ರಫಿ ಮಾಡ್ತಿದ್ದೀನಿ. ವರ್ಷಕ್ಕೆ ಸುಮಾರು 28 ಮದುವೆ ಸಿಗುತ್ತೆ, ಎರಡು ದಿನದ ಕೆಲಸಕ್ಕೆ 55 ಸಾವಿರ ತಗೋತೀನಿ. ಒಂದೇ ಸ್ಟುಡಿಯೊದಲ್ಲಿ ನನ್ನ ಜೊತೆ ಲೈಟ್ ಹಿಡಿದು ಕೆಲಸ ಕಲಿತ ಗೆಳೆಯ ಬೆಂಗಳೂರಿಗೆ ಹೋದ. ಈಗ ಅವನಿಗೆ ಇನ್‌ಸ್ಟಾಗ್ರಾಮ್‌ನಲ್ಲಿ 40 ಸಾವಿರ ಫಾಲೋವರ್ಸ್, ಒಂದು ಮದುವೆಗೆ 2 ಲಕ್ಷ ಅಂತೆ. ರಾತ್ರಿ ಎಡಿಟಿಂಗ್ ಮಧ್ಯೆ ಅವನ ರೀಲ್ಸ್ ನೋಡ್ತೀನಿ, ಹೊಟ್ಟೆ ಉರಿಯುತ್ತೆ, ಆಮೇಲೆ ನನ್ನ ಫೋಟೊ ಒಂದೂ ಚೆನ್ನಾಗಿ ಕಾಣಲ್ಲ. ಆ್ಯಪ್ ತೆಗೆದುಹಾಕೋಣ ಅಂದ್ರೆ ಕೆಲಸ ಅಲ್ಲಿಂದಲೂ ಬರುತ್ತೆ. ಏನು ಮಾಡಲಿ?

ಉತ್ತರ: ಆ್ಯಪ್ ತೆಗೆಯುವುದು ಬೇಡ. ಮೊದಲ ಹದಿನೈದು ದಿನ ಹೊಟ್ಟೆಯುರಿಯನ್ನು ಆರಿಸಲೂ ಹೋಗಬೇಡಿ, ಬರೆದಿಡಿ. ಮತ್ಸರಕ್ಕೆ ಒಂದು ವಿಚಿತ್ರ ಗುಣವಿದೆ. ಯಾವ ದಿಕ್ಕಿನಲ್ಲಿ ಏನೋ ಬೇಕಾಗಿದೆ ಎಂಬುದನ್ನು ಅದು ಸರಿಯಾಗಿ ತೋರಿಸುತ್ತದೆ, ಆದರೆ ಆ ‘ಏನೋ’ ಏನು ಎಂಬುದನ್ನು ಬಹುಪಾಲು ತಪ್ಪಾಗಿ ಹೇಳುತ್ತದೆ. ಫಾಲೋವರ್ಸ್ ಬೇಕು ಅನ್ನಿಸುತ್ತಿರುತ್ತದೆ, ಹತ್ತಿರ ಹೋಗಿ ನೋಡಿದರೆ ಬೇಕಾಗಿರುವುದು ಭಾನುವಾರ. ಆ ಗುರಿಯನ್ನು ಸರಿಪಡಿಸಿಕೊಂಡರೆ ಉಳಿದದ್ದು ಬರೀ ಲೆಕ್ಕ.

ಮುಂಬೈನ ದೊಡ್ಡ ಫೋಟೊಗ್ರಾಫರ್ ಒಬ್ಬರು ಸಿನಿಮಾ ತಾರೆಯ ಮದುವೆ ತೆಗೆದರೆ ನಿಮಗೆ ನಿದ್ದೆ ಕೆಡುವುದಿಲ್ಲ, ಈ ಗೆಳೆಯನ ರೀಲ್‌ಗೆ ಕೆಡುತ್ತದೆ. ಅದಕ್ಕೆ ಕಾರಣವಿದೆ. ಮನುಷ್ಯರು ತಮ್ಮನ್ನು ಅಳೆದುಕೊಳ್ಳುವುದು ತಮ್ಮಂಥವರ ಜೊತೆಯಲ್ಲೇ ಎಂದು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಬರೆದಿದ್ದರು. 1980ರ ದಶಕದಲ್ಲಿ ಅಬ್ರಹಾಂ ಟೆಸ್ಸರ್ ಅದಕ್ಕೆ ಇನ್ನೊಂದು ಮಾತು ಸೇರಿಸಿದರು. ಗೆದ್ದವನು ನಮಗೆ ಹತ್ತಿರದವನಾಗಿದ್ದು, ಗೆದ್ದ ಕ್ಷೇತ್ರ ನಾವು ‘ಇದೇ ನಾನು’ ಎಂದುಕೊಂಡ ಕ್ಷೇತ್ರವೂ ಆಗಿದ್ದರೆ ನೋವು ಹೆಚ್ಚು. ಅದೇ ಗೆಳೆಯ ಕ್ರಿಕೆಟ್ ಆಡಿ ಹೆಸರು ಮಾಡಿದ್ದರೆ ನೀವೇ ನಾಲ್ಕು ಜನರಿಗೆ ಹೇಳಿಕೊಂಡು ತಿರುಗುತ್ತಿದ್ದಿರಿ. ಹಾಗಾಗಿ ಇದನ್ನು ಸ್ವಭಾವದ ದೋಷ ಎಂದು ಹಳಿದುಕೊಳ್ಳುವ ಅಗತ್ಯವಿಲ್ಲ. ಒಂದೇ ಜಾಗದಿಂದ ಹೊರಟವರು ಈಗ ಬೇರೆ ಬೇರೆ ಕಡೆ ನಿಂತಿದ್ದೀರಿ ಎಂದಾದರೆ ನಡುವೆ ಆದ ಆಯ್ಕೆಗಳನ್ನು ಹೋಲಿಸಬಹುದು. ಮುಂಬೈನವರ ಜೊತೆ ಆ ಹೋಲಿಕೆ ಸಾಧ್ಯವೇ ಇಲ್ಲ. ನಿಮ್ಮನ್ನು ಹೆಚ್ಚು ಉರಿಸುವವರೇ ನಿಮಗೆ ಹೆಚ್ಚು ಮಾಹಿತಿ ಕೊಡಬಲ್ಲವರು.

ಇನ್ನು ಆ್ಯಪ್‌ನ ಪಾತ್ರ. ಒಂದು ರೀಲ್ ಮೇಲೆ ಎಷ್ಟು ಹೊತ್ತು ನಿಂತಿರಿ ಎಂಬುದನ್ನು ಇನ್‌ಸ್ಟಾಗ್ರಾಮ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮೆಚ್ಚಿ ನಿಂತಿರೋ, ಹಲ್ಲು ಕಚ್ಚಿ ನಿಂತಿರೋ ಅದಕ್ಕೆ ಗೊತ್ತಾಗುವುದಿಲ್ಲ. ಲೈಕ್ ಕೊಡದೆ ಎರಡು ಸಲ ಪೂರ್ತಿ ನೋಡಿದರೆ ನಾಳೆ ಅಂಥದ್ದೇ ಇನ್ನಷ್ಟು ಬರುತ್ತವೆ. ಅಂದರೆ ‘ಎಲ್ಲರೂ ರೆಸಾರ್ಟ್ ಮದುವೆ ಮಾಡುತ್ತಿದ್ದಾರೆ, ನಾನೊಬ್ಬ ಮಾತ್ರ ಕಲ್ಯಾಣ ಮಂಟಪದಲ್ಲಿ ಉಳಿದೆ’ ಎಂಬ ಭಾವನೆಯನ್ನು ಭಾಗಶಃ ನಿಮ್ಮ ಹೆಬ್ಬೆರಳೇ ಕಟ್ಟಿದೆ. ಅದರ ಜೊತೆಗೆ ಒಂದು ಗಣಿತವೂ ಇದೆ. 1991ರಲ್ಲಿ ಸಮಾಜಶಾಸ್ತ್ರಜ್ಞ ಸ್ಕಾಟ್ ಫೆಲ್ಡ್ ತೋರಿಸಿದಂತೆ, ಹೆಚ್ಚಿನವರ ಗೆಳೆಯರಿಗೆ ಅವರಿಗಿಂತ ಹೆಚ್ಚು ಗೆಳೆಯರಿರುತ್ತಾರೆ. ಹೆಚ್ಚು ಸಂಪರ್ಕವಿರುವವರು ಹೆಚ್ಚು ಜನರ ಪಟ್ಟಿಯಲ್ಲಿ ಸೇರಿರುತ್ತಾರೆ, ಅಷ್ಟೇ ಕಾರಣ. ನೀವು ಫಾಲೋ ಮಾಡುವ ಫೋಟೊಗ್ರಾಫರ್‌ಗಳ ಪಟ್ಟಿಯೂ ಹಾಗೆಯೇ ಮೇಲಕ್ಕೆ ವಾಲಿರುತ್ತದೆ. ಭದ್ರಾವತಿಯಲ್ಲೋ ಸಾಗರದಲ್ಲೋ ವರ್ಷಕ್ಕೆ 12 ಮದುವೆ ತೆಗೆದು ಬಾಡಿಗೆ ಕಟ್ಟಲು ಒದ್ದಾಡುವವರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ.

ನಿಮ್ಮ ವೃತ್ತಿಗೆ ಮಾತ್ರ ಅನ್ವಯಿಸುವ ಇನ್ನೊಂದು ಸಂಗತಿಯಿದೆ. ಆಷಾಢದಲ್ಲಿ, ಧನುರ್ಮಾಸದಲ್ಲಿ, ಪಿತೃಪಕ್ಷದಲ್ಲಿ ನಮ್ಮಲ್ಲಿ ಮದುವೆ ಇಲ್ಲ. ಆ ತಿಂಗಳುಗಳಲ್ಲಿ ನೀವು ಖಾಲಿ ಕೂತಿರುತ್ತೀರಿ, ಫೋನ್ ಕೈಯಲ್ಲೇ ಇರುತ್ತದೆ. ಗೆಳೆಯನ ಖಾತೆಯಲ್ಲಿ ಮಾತ್ರ ದಿನಕ್ಕೊಂದು ಮದುವೆ. ಅದು ವೈಶಾಖದಲ್ಲಿ ತೆಗೆದು ಕೂಡಿಟ್ಟುಕೊಂಡದ್ದು. ಕೆಲಸ ಮುಗಿದ ತಿಂಗಳುಗಟ್ಟಲೆ ನಂತರ ಹಾಕುವುದು ಈ ರಂಗದಲ್ಲಿ ಮಾಮೂಲು, ಅದರಲ್ಲಿ ಮೋಸವೇನೂ ಇಲ್ಲ. ಆದರೆ ನಿಮ್ಮ ಖಾಲಿ ತಿಂಗಳನ್ನು ಅವರ ತುಂಬಿದ ತಿಂಗಳ ಜೊತೆ ಇಟ್ಟು ಅಳೆಯುತ್ತಿದ್ದೀರಿ. ರೀಲ್ ಕೆಳಗಿನ ತಾರೀಖು ಹಾಕಿದ ದಿನದ್ದು, ತೆಗೆದ ದಿನದ್ದಲ್ಲ.

ಈಗ ಬರೆಯುವ ವಿಧಾನ. ಒಂದು ಸಾದಾ ನೋಟ್‌ಬುಕ್ ಸಾಕು. ಫೋನಿನಲ್ಲಿ ಬರೆಯಬೇಡಿ, ಬರೆಯಲು ತೆಗೆದ ಫೋನ್ ಮತ್ತೆ ರೀಲ್‌ಗೇ ಕರೆದೊಯ್ಯುತ್ತದೆ. ಪ್ರತಿ ಸಲ ಚುಚ್ಚಿದಾಗ ಒಂದು ಸಾಲು, ಅದರಲ್ಲಿ ನಾಲ್ಕು ಅಂಕಣ. ಮೊದಲನೆಯದರಲ್ಲಿ ಗಂಟೆ, ಮತ್ತು ಅದಕ್ಕೆ ಸ್ವಲ್ಪ ಮೊದಲು ಏನು ಮಾಡುತ್ತಿದ್ದಿರಿ ಎಂಬುದು. ಎರಡನೆಯದರಲ್ಲಿ ಚುಚ್ಚಿದ ವಸ್ತು. ಅದು ಬೆರಳಿಟ್ಟು ತೋರಿಸುವಂತಿರಬೇಕು. ‘ಅವನ ಯಶಸ್ಸು’ ಎಂದು ಬರೆದರೆ ಪ್ರಯೋಜನವಿಲ್ಲ, ‘ಧಾರೆಯ ಹೊತ್ತಿಗೆ ಎರಡನೇ ಕ್ಯಾಮೆರಾ ವಧುವಿನ ತಾಯಿಯ ಮುಖ ಹಿಡಿದಿದೆ’ ಎಂದು ಬರೆಯಿರಿ. ಮೂರನೆಯದು: ಇದನ್ನು ಇದರ ಪೂರ್ತಿ ಬೆಲೆಯೊಂದಿಗೆ, ಅಂದರೆ ಸಾಲ, ಓಡಾಟ, ಜನ ಸಂಭಾಳಿಸುವ ತಲೆನೋವು ಎಲ್ಲದರ ಸಮೇತ ಕೊಟ್ಟರೆ ತೆಗೆದುಕೊಳ್ಳುತ್ತೇನಾ? ಹೌದು ಅಥವಾ ಇಲ್ಲ, ಅಷ್ಟೇ. ನಾಲ್ಕನೆಯದು: ಇದರ ಬಗ್ಗೆ ನನಗೆ ಗೊತ್ತಿಲ್ಲದ್ದು ಏನು?

ಈ ನಾಲ್ಕನೆಯ ಅಂಕಣಕ್ಕೇ ಹೆಚ್ಚು ಬೆಲೆ. ಉರಿಯುವಾಗ ನಮಗೆ ಎಲ್ಲ ಗೊತ್ತಿದೆ ಅನ್ನಿಸುತ್ತಿರುತ್ತದೆ. ‘2 ಲಕ್ಷ ಅಂತೆ’ ಎಂಬಲ್ಲಿರುವ ‘ಅಂತೆ’ ನಮ್ಮ ತಲೆಯಲ್ಲಿ ಬೇಗ ಬಿದ್ದುಹೋಗುತ್ತದೆ. ಆ ಅಂಕಣ ಅದನ್ನು ವಾಪಸ್ ತರುತ್ತದೆ: 2 ಲಕ್ಷದಲ್ಲಿ ಎಷ್ಟು ಉಳಿಯುತ್ತದೆ? ಎಷ್ಟು ಜನ ಹೋಗುತ್ತಾರೆ? ಎಡಿಟಿಂಗ್ ಯಾರದ್ದು? ವರ್ಷಕ್ಕೆ ಅಂಥದ್ದು ಎಷ್ಟು ಸಿಗುತ್ತದೆ?

ಹದಿನೈದು ದಿನದಲ್ಲಿ ಹದಿನಾಲ್ಕು ಸಾಲು ಬಂದವು ಅಂದುಕೊಳ್ಳಿ. ಎರಡನೆಯ ಅಂಕಣವನ್ನು ಗುಂಪು ಮಾಡಿ ನೋಡಿ. ಮೂರು ಸಾಲು ಚಿತ್ರದ ಗುಣಮಟ್ಟದ್ದು, ಎರಡು ಫಾಲೋವರ್ಸ್‌ದು, ಎರಡು ಡ್ರೋನ್ ಮತ್ತು ಹೊಸ ಲೆನ್ಸ್‌ನದು. ಉಳಿದ ಏಳು ಹೀಗಿವೆ: ‘ಮದುವೆ ಮುಗಿದ ಮೂರನೇ ದಿನಕ್ಕೆ ರೀಲ್ ಹಾಕಿದ್ದಾನೆ’, ‘ಭಾನುವಾರ ಮಗಳ ಜೊತೆ ಪಾರ್ಕ್‌ನಲ್ಲಿದ್ದಾನೆ’, ‘ಸೀಸನ್ ಮಧ್ಯದಲ್ಲಿ ಗೋಕರ್ಣಕ್ಕೆ ಹೋಗಿದ್ದಾನೆ’. ಮೊದಲ ಅಂಕಣ ನೋಡಿದರೆ ಹೆಚ್ಚಿನವು ರಾತ್ರಿ ಹನ್ನೊಂದರ ಮೇಲೆ, ಎರಡು ಸಾವಿರ ಫೋಟೊಗಳಲ್ಲಿ ನಾನೂರು ಆರಿಸುವ ನಡುವೆ. ಇದು ನಾನು ಉದಾಹರಣೆಗೆ ಕಟ್ಟಿದ ಚಿತ್ರ, ನಿಮ್ಮದು ಬೇರೆ ಬರಬಹುದು. ಆದರೆ ನೀವೇ ಪ್ರಶ್ನೆಯಲ್ಲಿ ‘ರಾತ್ರಿ ಎಡಿಟಿಂಗ್ ಮಧ್ಯೆ’ ಎಂದಿದ್ದೀರಲ್ಲ, ಅದನ್ನು ಕೈಬಿಡದೆ ಲೆಕ್ಕ ಹಾಕೋಣ.

ಅದಕ್ಕೆ ಮೊದಲು ಸಿಗುವ ಸಾಕ್ಷ್ಯವನ್ನು ಒಂದೇ ಒಂದು ಸಲ, ಅರ್ಧ ಗಂಟೆ ಕೂತು ನೋಡಿಬಿಡಿ. ಗೆಳೆಯನ ಪ್ರೊಫೈಲ್‌ನಲ್ಲಿ ಮೂರು ಚುಕ್ಕಿ ಒತ್ತಿ About this account ತೆರೆದರೆ ಖಾತೆ ಯಾವಾಗ ಶುರುವಾಯಿತು ಎಂದು ಸಾಮಾನ್ಯವಾಗಿ ಸಿಗುತ್ತದೆ. 40 ಸಾವಿರ ಎನ್ನುವುದು ಎರಡು ವರ್ಷದ್ದೋ ಒಂಬತ್ತು ವರ್ಷದ್ದೋ ಎಂಬುದರಿಂದ ಅದರ ಅರ್ಥ ಬದಲಾಗುತ್ತದೆ. ಇನ್ನೊಂದು, facebook.com/ads/library ಎಂಬ ಪುಟ. ದೇಶ ಭಾರತ ಎಂದು ಆರಿಸಿ ಅವರ ಪುಟದ ಹೆಸರು ಕೊಟ್ಟರೆ ಈಗ ಓಡುತ್ತಿರುವ ಜಾಹೀರಾತುಗಳು ಮತ್ತು ಅವು ಶುರುವಾದ ದಿನ ಕಾಣುತ್ತವೆ. ರೀಲ್ ಅನ್ನು ದುಡ್ಡು ಕೊಟ್ಟು ಬೂಸ್ಟ್ ಮಾಡುತ್ತಿದ್ದರೆ ಅದೂ ಬರುತ್ತದೆ. ಎಷ್ಟು ಖರ್ಚಾಯಿತು ಎಂಬುದು ಮಾತ್ರ ಇಂಥ ವ್ಯಾಪಾರಿ ಜಾಹೀರಾತುಗಳಿಗೆ ಅಲ್ಲಿ ಕಾಣುವುದಿಲ್ಲ, ನಿಂತುಹೋದ ಹಳೆಯ ಜಾಹೀರಾತೂ ಸಿಗುವುದಿಲ್ಲ. ಆದ್ದರಿಂದ ಏನೂ ಕಾಣದಿದ್ದರೆ ‘ಈಗ ಓಡುತ್ತಿಲ್ಲ’ ಎಂದಷ್ಟೇ ತಿಳಿಯಿರಿ. ಜಾಹೀರಾತು ಸಿಕ್ಕಿತು ಎಂದು ‘ಓ, ದುಡ್ಡು ಕೊಟ್ಟು ಮಾಡಿದ್ದು’ ಎಂದು ಸಮಾಧಾನಪಡುವುದೂ ಬೇಡ. ನಿಮಗೆ ಬೇಕಾದ ಮಾಹಿತಿ ಒಂದೇ: ವ್ಯಾಪಾರಕ್ಕೆ ಜಾಹೀರಾತಿನ ಖರ್ಚೂ ಇದೆ, ಅದನ್ನು ಲೆಕ್ಕಕ್ಕೆ ಸೇರಿಸಬೇಕು.

ಈಗ ಲೆಕ್ಕ. 2 ಲಕ್ಷದ ಎರಡು ದಿನದ ಮದುವೆಗೆ ವಿಡಿಯೊದವರು ಇಬ್ಬರು, ದಿನಕ್ಕೆ 10 ಸಾವಿರದಂತೆ 40 ಸಾವಿರ. ಇನ್ನೊಬ್ಬ ಕ್ಯಾಂಡಿಡ್ ಫೋಟೊಗ್ರಾಫರ್‌ಗೆ 20 ಸಾವಿರ. ಒಂದು ದಿನದ ಡ್ರೋನ್‌ಗೆ 8 ಸಾವಿರ. ಫೋಟೊ ಮತ್ತು ವಿಡಿಯೊ ಎಡಿಟಿಂಗ್ ಹೊರಗೆ ಕೊಟ್ಟರೆ 25 ಸಾವಿರ, ಆಲ್ಬಂ 20 ಸಾವಿರ, ಓಡಾಟ 7 ಸಾವಿರ, ಜಾಹೀರಾತಿನ ಪಾಲು 10 ಸಾವಿರ. ಒಟ್ಟು 1,30,000. ಇವು ಅಂದಾಜು, ನಿಮ್ಮ ಪರಿಚಯದವರ ದರ ಹಾಕಿ ತಿದ್ದಿಕೊಳ್ಳಿ. ಇಷ್ಟಾದ ಮೇಲೆ 70 ಸಾವಿರ ಉಳಿಯಿತು ಅನ್ನಿಸುತ್ತದೆ, ಆದರೆ ಜಿಎಸ್‌ಟಿ ಬಾಕಿ ಇದೆ. ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ, ಫೋಟೊಗ್ರಫಿಗೆ ದರ 18%. 2 ಲಕ್ಷದ ಮದುವೆ ಹನ್ನೊಂದಾದರೆ ಗೆರೆ ದಾಟಿತು. ಆ 2 ಲಕ್ಷ ತೆರಿಗೆ ಸೇರಿಸಿ ಹೇಳಿದ ದರವಾದರೆ ಅದರಲ್ಲಿ ಸುಮಾರು 30,500 ತೆರಿಗೆಯದು. ಉಳಿದದ್ದು 39,500. ಖರ್ಚಿನ ಮೇಲೆ ಕೊಟ್ಟ ಜಿಎಸ್‌ಟಿಯನ್ನು ಈ ತೆರಿಗೆಯಿಂದ ಕಡಿತ ಮಾಡಿಕೊಳ್ಳಬಹುದಾದ್ದರಿಂದ ಉಳಿಕೆ ಸ್ವಲ್ಪ ಮೇಲಾಗಬಹುದು. ತೆರಿಗೆ ಬೇರೆಯಾಗಿ ಹಾಕುತ್ತಿದ್ದರೆ ಪೂರ್ತಿ 70 ಸಾವಿರವೇ ಉಳಿಯುತ್ತದೆ. ನಾಲ್ಕನೆಯ ಅಂಕಣದಲ್ಲಿ ಬರೆಯಬೇಕಾದ್ದು ಇಂಥದ್ದನ್ನೇ.

ನಿಮ್ಮ 55 ಸಾವಿರದಲ್ಲಿ ವಿಡಿಯೊದವರಿಗೆ 10 ಸಾವಿರ, ಆಲ್ಬಂಗೆ 10 ಸಾವಿರ, ಓಡಾಟಕ್ಕೆ 2 ಸಾವಿರ ಹೋದರೆ 33 ಸಾವಿರ ಉಳಿಯುತ್ತದೆ. ವಹಿವಾಟು 28 ಮದುವೆಗೆ 15.4 ಲಕ್ಷ, ಜಿಎಸ್‌ಟಿ ಗೆರೆಯ ಕೆಳಗಿದ್ದೀರಿ. ಹಾಗಾಗಿ ತೆರಿಗೆ ಒಳಗೊಂಡ 2 ಲಕ್ಷದ ಜೊತೆ ಹೋಲಿಸಿದರೆ ಒಂದು ಮದುವೆಯಲ್ಲಿ ನಿಮಗೂ ಅವರಿಗೂ ಇರುವ ಅಂತರ ಆರೂವರೆ ಸಾವಿರ ಮಾತ್ರ. ವರ್ಷಕ್ಕೆ ನಿಮ್ಮ ಉಳಿಕೆ 9.24 ಲಕ್ಷ. ಅಷ್ಟೇ ಉಳಿಯಬೇಕಾದರೆ ಅವರು ಸುಮಾರು 24 ಅಂಥ ಮದುವೆ ಮಾಡಬೇಕು. ಇಲ್ಲಿಗೆ ನಿಲ್ಲಿಸಿ ಸಮಾಧಾನಪಟ್ಟುಕೊಂಡರೆ ಅದು ಅರ್ಧ ಲೆಕ್ಕ, ಏಕೆಂದರೆ ದಿನಗಳನ್ನು ಇನ್ನೂ ಎಣಿಸಿಲ್ಲ.

ನೀವು ಎರಡು ದಿನ ಫೋಟೊ ತೆಗೆದು ಆರು ದಿನ ಕಂಪ್ಯೂಟರ್ ಮುಂದೆ ಕೂರುತ್ತೀರಿ ಅಂದುಕೊಳ್ಳೋಣ. ಒಂದು ಮದುವೆಗೆ ಎಂಟು ದಿನ, ದಿನಕ್ಕೆ ಸುಮಾರು 4,100 ರೂಪಾಯಿ. 28 ಮದುವೆಗೆ ಎಡಿಟಿಂಗೇ 168 ದಿನ. ಎಡಿಟಿಂಗ್ ಹೊರಗೆ ಕೊಡುವವರಿಗೆ ಎರಡು ದಿನ ಫೋಟೊ, ಮೂರು ದಿನ ಗಿರಾಕಿ ಜೊತೆ ಮಾತುಕತೆ ಮತ್ತು ಮೇಲ್ವಿಚಾರಣೆ, ಒಟ್ಟು ಐದು ದಿನ. ದಿನಕ್ಕೆ 7,900. ಅಂದರೆ 24 ಮದುವೆ ಮಾಡಿದರೆ ಅವರು ದುಡಿಯುವುದು 120 ದಿನ, ಹೆಚ್ಚುಕಡಿಮೆ ಅಷ್ಟೇ ಉಳಿಕೆಗೆ ನೀವು ದುಡಿಯುವುದು 224 ದಿನ. ನೋಟ್‌ಬುಕ್‌ನ ಆ ಏಳು ಸಾಲುಗಳು ಹೇಳುತ್ತಿದ್ದದ್ದು ಇದನ್ನೇ. ದರದಲ್ಲಿ ಕಾಣುತ್ತಿದ್ದ ಅಂತರ ನಿಜವಾಗಿ ದಿನಗಳಲ್ಲಿತ್ತು. ಬೆಂಗಳೂರಿನ ಸ್ಟುಡಿಯೊ ಬಾಡಿಗೆ, ಕ್ಯಾಮೆರಾದ ಇಎಂಐ ಇವನ್ನು ಎರಡೂ ಕಡೆ ಬಿಟ್ಟಿದ್ದೇನೆ. ಸೇರಿಸಿದರೆ ಅವರ ಕಡೆಯದು ಇನ್ನಷ್ಟು ಇಳಿಯಬಹುದು.

ಇಲ್ಲಿಂದ ಒಂದು ಪ್ರಯೋಗ ಹುಟ್ಟುತ್ತದೆ. ಮುಂದಿನ ಸೀಸನ್‌ನಲ್ಲಿ ಮೂರು ಮದುವೆಗಳ ಎಡಿಟಿಂಗ್ ಹೊರಗೆ ಕೊಡಿ. ಫೋಟೊಗಳಿಗೆ ಮದುವೆಗೆ 8 ಸಾವಿರ ಎಂದರೆ ಉಳಿಕೆ 33ರಿಂದ 25 ಸಾವಿರಕ್ಕೆ ಇಳಿಯುತ್ತದೆ, ದಿನ ಎಂಟರಿಂದ, ಫೋಟೊ ಆರಿಸುವ ಒಂದು ದಿನವೂ ಸೇರಿ, ಮೂರಕ್ಕೆ. ದಿನದ ಲೆಕ್ಕ 8,300 ಆಗುತ್ತದೆ. ಆದರೆ ಈ ಅಂಕಿಗೆ ಮರುಳಾಗಬೇಡಿ. ಉಳಿದ ಐದು ದಿನಕ್ಕೆ ಬೇರೆ ಕೆಲಸವೋ ನಿಮಗೆ ನಿಜಕ್ಕೂ ಬೇಕಾದ ಬಿಡುವೋ ಇದ್ದರೆ ಮಾತ್ರ ಅದಕ್ಕೆ ಬೆಲೆ. ಆಷಾಢದಲ್ಲಿ ಉಳಿಸಿದ ಐದು ದಿನಕ್ಕೆ ಪೇಟೆಯಲ್ಲಿ ಬೆಲೆ ಸೊನ್ನೆ, ಆಗ ಎಡಿಟಿಂಗ್ ನೀವೇ ಮಾಡುವುದು ಸರಿ. ಮಾಘ, ಫಾಲ್ಗುಣ, ವೈಶಾಖದಲ್ಲಿ ಲಗ್ನಗಳು ಒಂದರ ಮೇಲೊಂದು ಬಿದ್ದು, ಆಲ್ಬಂ ತಡವಾಗಿ ಗಿರಾಕಿ ಫೋನ್ ಮಾಡಿ ಬಯ್ಯುವ ಹೊತ್ತಿನಲ್ಲಿ ಹೊರಗೆ ಕೊಡಬೇಕು.

ಮೊದಲ ಸಲ ಕೊಟ್ಟಾಗ ಕೆಡುವುದು ಬಣ್ಣ. ಎಡಿಟರ್ ತನ್ನ ಪ್ರೀಸೆಟ್ ಹಾಕುತ್ತಾರೆ, ಅರಿಶಿನ ಹಚ್ಚಿದ ಮುಖ ಕಿತ್ತಳೆಯಾಗುತ್ತದೆ, ಕೆಂಪು ರೇಷ್ಮೆ ಸೀರೆಯ ನೆರಿಗೆ ಒಂದೇ ಮುದ್ದೆಯಾಗುತ್ತದೆ, ಜರಿಯ ಅಂಚು ಬಿಳಿಯಾಗಿ ಸುಟ್ಟುಹೋಗುತ್ತದೆ. ಅದಕ್ಕಾಗಿ ನೀವೇ ಎಡಿಟ್ ಮಾಡಿದ 20 ಫೋಟೊ ಮಾದರಿಗೆ ಕೊಡಿ: ಅರಿಶಿನ ಶಾಸ್ತ್ರದ್ದು, ಧಾರೆಯದ್ದು, ರಾತ್ರಿ ಆರತಕ್ಷತೆಯ ಎಲ್‌ಇಡಿ ಬೆಳಕಿನದ್ದು ಬೇರೆ ಬೇರೆ ಇರಲಿ. ಮೊದಲು 50 ಫೋಟೊ ಮಾತ್ರ ಮಾಡಿಸಿ, ಒಪ್ಪಿಗೆಯಾದ ಮೇಲೆ ಉಳಿದದ್ದು. ಹಾರ್ಡ್‌ಡಿಸ್ಕ್ ಕೊಡುವುದಾದರೆ ಪ್ರತಿಯನ್ನು ಕೊಡಿ, ಮೂಲ ನಿಮ್ಮಲ್ಲೇ ಇರಲಿ. ಫೋಟೊ ಆರಿಸುವ ಕೆಲಸವನ್ನು ಹೊರಗೆ ಬಿಡಬೇಡಿ. ವರನ ಸೋದರಮಾವ ಯಾರು ಎಂದು ಎಡಿಟರ್‌ಗೆ ಗೊತ್ತಿರುವುದಿಲ್ಲ, ಆ ಒಂದು ಫೋಟೊ ಬಿಟ್ಟುಹೋದರೆ ಆ ಮನೆಯ ಮುಂದಿನ ಮದುವೆ ನಿಮಗೆ ಬರುವುದಿಲ್ಲ.

ಪ್ರಯೋಗ ಎಲ್ಲಿ ನಿಲ್ಲಬೇಕೆಂದು ಶುರುವಿಗೆ ಮೊದಲೇ ಬರೆದಿಡಿ. ಮೂರು ಮದುವೆಗೆ ಹೆಚ್ಚಿನ ಖರ್ಚು 24 ಸಾವಿರ, ಉಳಿದ ದಿನ 15. ಆ ಹದಿನೈದು ದಿನದಲ್ಲಿ ಇನ್ನೊಂದು ಬುಕಿಂಗ್ ಬಂತಾ, ಅಥವಾ ಮೂರೂ ಆಲ್ಬಂ ಒಂದು ತಿಂಗಳೊಳಗೆ ಕೊಟ್ಟಿರಾ, ಅಥವಾ ರಾತ್ರಿ ಹನ್ನೊಂದಕ್ಕೆ ಮಲಗಿದಿರಾ? ಒಂದೂ ಆಗದಿದ್ದರೆ ಎಡಿಟಿಂಗ್ ನಿಮ್ಮ ತೊಂದರೆಯ ಮೂಲವಾಗಿರಲಿಲ್ಲ, ನೋಟ್‌ಬುಕ್‌ಗೆ ವಾಪಸ್ ಹೋಗಿ. ದರ ಏರಿಸುವ ಯೋಚನೆ ಬಂದರೆ ಒಂದು ಎಚ್ಚರಿಕೆ: 28 ಮದುವೆ ಇಟ್ಟುಕೊಂಡು ದರವನ್ನು ಸುಮಾರು 71,400 ದಾಟಿಸಿದರೆ ವಹಿವಾಟು 20 ಲಕ್ಷ ಮೀರುತ್ತದೆ. ಆಗ 75 ಸಾವಿರ ತೆಗೆದುಕೊಂಡರೂ ತೆರಿಗೆ ಒಳಗಿದ್ದರೆ ಕೈಗೆ ಬರುವುದು 63,500 ಮಾತ್ರ. ಏರಿಸಿದ 20 ಸಾವಿರದಲ್ಲಿ ಹನ್ನೊಂದೂವರೆ ಸಾವಿರ ತೆರಿಗೆಗೆ ಹೋಯಿತು. ಮದುವೆಗಳ ಸಂಖ್ಯೆ ಇಳಿಸಿ ದರ ಏರಿಸಬಹುದು, ಇಲ್ಲವೇ ಗೆರೆಯನ್ನು ಧೈರ್ಯವಾಗಿ ದಾಟಿ ತೆರಿಗೆಯನ್ನು ಬೇರೆಯಾಗಿ ಹೇಳಬಹುದು. ಗೆರೆಯ ಅಂಚಿನಲ್ಲೇ ನಿಲ್ಲುವುದು ನಷ್ಟ.

ಫಾಲೋವರ್ಸ್ ವಿಷಯಕ್ಕೂ ಒಂದು ಸಂಜೆ ಕೊಡಿ. ಕಳೆದ ವರ್ಷದ 28 ಮದುವೆಗಳ ಪಟ್ಟಿ ತೆಗೆದು ಪ್ರತಿಯೊಂದರ ಮುಂದೆ ಅದು ಹೇಗೆ ಬಂತು ಎಂದು ಬರೆಯಿರಿ: ಹಳೆಯ ಗಿರಾಕಿಯ ನೆಂಟರು, ಕಲ್ಯಾಣ ಮಂಟಪದ ಮ್ಯಾನೇಜರ್, ಅಲಂಕಾರದವರು, ಗೂಗಲ್ ಮ್ಯಾಪ್, ಇನ್‌ಸ್ಟಾಗ್ರಾಮ್. ಗೊತ್ತಿಲ್ಲದಿದ್ದರೆ ಗಿರಾಕಿಗೇ ಫೋನ್ ಮಾಡಿ ಕೇಳಿ, ಯಾರೂ ಬೇಸರಪಡುವುದಿಲ್ಲ. ಇನ್‌ಸ್ಟಾಗ್ರಾಮ್‌ನಿಂದ ಮೂರು ಬಂದಿದ್ದು ನೆಂಟರಿಂದ ಹತ್ತೊಂಬತ್ತು ಬಂದಿದ್ದರೆ, ನಿಮ್ಮ ವ್ಯಾಪಾರ ನಡೆಯುತ್ತಿರುವ ಜಾಗವೇ ಬೇರೆ. ‘ಅಲ್ಲಿಂದಲೂ ಕೆಲಸ ಬರುತ್ತೆ’ ಎಂಬ ಮಾತಿಗೆ ಆಗ ಒಂದು ಅಳತೆ ಸಿಗುತ್ತದೆ. ಮೂರು ಮದುವೆಗೆ ದಿನಕ್ಕೆ ಎರಡು ಗಂಟೆ ರೀಲ್ಸ್ ನೋಡಬೇಕೇ ಎಂಬುದಕ್ಕೆ ಉತ್ತರವೂ.

ಆ್ಯಪ್‌ನಲ್ಲಿ ಹಾಕುವುದು ಬೇರೆ, ನೋಡುವುದು ಬೇರೆ. ಕೆಲಸ ತರುವುದು ಹಾಕುವುದು, ಮತ್ತು ಬಂದ ಮೆಸೇಜ್‌ಗೆ ಬೇಗ ಉತ್ತರ ಕೊಡುವುದು. ಎರಡಕ್ಕೂ ಹಗಲಿನಲ್ಲಿ ಇಪ್ಪತ್ತು ಇಪ್ಪತ್ತು ನಿಮಿಷದ ಎರಡು ಹೊತ್ತು ಸಾಕು, ಎಡಿಟಿಂಗ್ ಕೂರುವಾಗ ಫೋನ್ ಇನ್ನೊಂದು ಕೋಣೆಯಲ್ಲಿರಲಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳು ಮೂರು ವಾರ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್‌ಗಳನ್ನು ದಿನಕ್ಕೆ ತಲಾ ಹತ್ತು ನಿಮಿಷಕ್ಕೆ ಇಳಿಸಿದಾಗ ಒಂಟಿತನ, ಖಿನ್ನತೆಯ ಲಕ್ಷಣಗಳು ಕಡಿಮೆಯಾಗಿದ್ದವು. ಪೂರ್ತಿ ಬಿಡಬೇಕಾಗಿರಲಿಲ್ಲ ಎಂಬುದು ಗಮನಿಸಬೇಕಾದ ಅಂಶ. ಹದಿನೈದು ದಿನದ ಬರವಣಿಗೆ ಮುಗಿದ ಮೇಲೆ ಗೆಳೆಯನ ಖಾತೆಯನ್ನು Mute ಮಾಡಿ. ಪ್ರೊಫೈಲ್‌ನಲ್ಲಿ Following ಒತ್ತಿದರೆ ಆ ಆಯ್ಕೆ ಸಿಗುತ್ತದೆ, ಪೋಸ್ಟ್ ಮತ್ತು ಸ್ಟೋರಿ ಎರಡನ್ನೂ ಆರಿಸಿ. ಅವರಿಗೆ ಸುದ್ದಿ ಹೋಗುವುದಿಲ್ಲ, ಸ್ನೇಹಕ್ಕೂ ಧಕ್ಕೆಯಿಲ್ಲ. (ಲೈಕ್ ಕೊಡದೆ ಪ್ರತಿ ಸ್ಟೋರಿ ನೋಡುತ್ತಿದ್ದರೆ ನಿಮ್ಮ ಹೆಸರು ಅವರ ವೀಕ್ಷಕರ ಪಟ್ಟಿಯಲ್ಲಿ ದಿನಾ ಕಾಣುತ್ತಿರುತ್ತದೆ, ಅದೂ ನೆನಪಿರಲಿ.)

ಈ ವಿಧಾನ ಹಾಳಾಗುವ ರೀತಿಗಳೂ ಇವೆ. ಒಂದು, ನೋಟ್‌ಬುಕ್ ಬೇಹುಗಾರಿಕೆಯ ಪುಸ್ತಕವಾಗುವುದು. ನಾಲ್ಕನೆಯ ಅಂಕಣ ಖಾಲಿ ಬಿಟ್ಟು ಎರಡನೆಯದು ಮಾತ್ರ ಉದ್ದವಾಗುತ್ತಾ ಹೋದರೆ, ಅಥವಾ ಬರೆಯಲಿಕ್ಕೆಂದೇ ಹುಡುಕಿ ನೋಡಲು ಶುರು ಮಾಡಿದರೆ ಅಲ್ಲಿಗೇ ನಿಲ್ಲಿಸಿ. ಇನ್ನೊಂದು, ಉರಿಯನ್ನು ಸಾಮಾನಿಗೆ ತಿರುಗಿಸುವುದು. ಲೆನ್ಸ್ ಕೊಳ್ಳುವುದು ಸುಲಭ, ಇಎಂಐ ಇದೆ, ಸಂಜೆಯೊಳಗೆ ಏನೋ ಮಾಡಿದೆ ಅನ್ನಿಸುತ್ತದೆ. ಎರಡು ಮದುವೆಗೆ ಬಾಡಿಗೆಗೆ ತಂದು, ಆ ಲೆನ್ಸ್‌ನಲ್ಲಿ ತೆಗೆದ ಎಷ್ಟು ಫೋಟೊ ಆಲ್ಬಂಗೆ ಆಯ್ಕೆಯಾದವು ಎಂದು ಎಣಿಸಿ, ಆಮೇಲೆ ಯೋಚಿಸಿ. ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದುಬಾರಿ: ಅವರ ಶೈಲಿಯ ನಕಲು. ಮಾಂಗಲ್ಯಧಾರಣೆಯ ಹೊತ್ತಿಗೆ ರೀಲ್‌ಗೆಂದು ವಧುವಿನ ಬಳೆಯ ಸ್ಲೋ ಮೋಷನ್ ಹಿಡಿಯಲು ಹೋಗಿ ತಾಳಿ ಕಟ್ಟುವ ಕ್ಷಣ ತಪ್ಪಿದರೆ ಅದಕ್ಕೆ ಎರಡನೇ ಟೇಕ್ ಇಲ್ಲ. ಬೆಂಗಳೂರಿನ ತಂಡದಲ್ಲಿ ಆ ಹೊತ್ತಿಗೆ ನಾಲ್ಕು ಕ್ಯಾಮೆರಾ ಇರುತ್ತವೆ, ಒಂದು ಬಳೆಯ ಕಡೆ ಹೋದರೆ ಮೂರು ಉಳಿಯುತ್ತವೆ. ನಿಮ್ಮಲ್ಲಿ ಫೋಟೊಗೆ ಇರುವುದು ಒಂದೇ.

ನೆದರ್ಲೆಂಡ್ಸ್‌ನ ನೀಲ್ಸ್ ವಾನ್ ಡಿ ವೆನ್ ಮತ್ತು ಜೊತೆಯವರು 2009ರಲ್ಲಿ ಮತ್ಸರವನ್ನು ಎರಡು ಬಗೆಯಾಗಿ ಗುರುತಿಸಿದರು. ಒಂದು ನಮ್ಮನ್ನು ಮೇಲೆತ್ತಿಕೊಳ್ಳಲು ನೂಕುತ್ತದೆ, ಇನ್ನೊಂದು ಅವರನ್ನು ಕೆಳಗೆಳೆಯಲು. ‘ಅದು ಅವರಿಗೆ ಸಲ್ಲಬೇಕಾದದ್ದೇ’ ಮತ್ತು ‘ನನ್ನ ಕೈಲೂ ಏನಾದರೂ ಆದೀತು’ ಅನ್ನಿಸಿದಾಗ ಮೊದಲ ಬಗೆ ಮೂಡುತ್ತದೆ. ನಿಮ್ಮದು ಯಾವ ಕಡೆ ವಾಲುತ್ತಿದೆ ಎಂದು ತಿಳಿಯಲು ನೋಡಿ: ಅವರ ಗಿರಾಕಿ ಸಿಟ್ಟಾಗಿ ಕೆಟ್ಟ ರಿವ್ಯೂ ಬರೆದರೆ ನಿಮಗೆ ಹಗುರವಾಗುತ್ತದಾ? ಆದರೆ ಆಗಲಿ, ಅದಕ್ಕೆ ನಾಚಬೇಕಿಲ್ಲ. ಆ ವಾರ ಮಾತ್ರ ದರ, ಸಾಮಾನು, ಕೆಲಸ ಬಿಡುವುದು ಇಂಥ ಯಾವ ನಿರ್ಧಾರವನ್ನೂ ತೆಗೆದುಕೊಳ್ಳಬೇಡಿ. ಇನ್ನು, ರೀಲ್ಸ್ ನೋಡದ ದಿನಗಳಲ್ಲೂ ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ ಬಾರದೆ, ಊಟ ಸೇರದೆ, ಕ್ಯಾಮೆರಾ ಮುಟ್ಟಲು ಮನಸ್ಸಾಗದೆ ಇದ್ದರೆ ಅದು ಮತ್ಸರದ ಲೆಕ್ಕ ಮೀರಿದ್ದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ನಾಲ್ಕನೆಯ ಅಂಕಣದ ಪ್ರಶ್ನೆಗಳಲ್ಲಿ ಕೆಲವಕ್ಕೆ ಉತ್ತರ ಗೊತ್ತಿರುವುದು ಗೆಳೆಯನಿಗೆ ಮಾತ್ರ. ಕೇಳಿ. ‘ಹೇಗೋ ಇಷ್ಟು ಬೆಳೆದೆ?’ ಎಂದು ಕೇಳಿದರೆ ‘ಎಲ್ಲ ದೇವರ ದಯೆ ಕಣೋ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ‘ಲೋ, ಎಡಿಟಿಂಗ್ ಯಾರ ಹತ್ರ ಮಾಡಿಸ್ತೀಯ? ಒಂದು ಮದುವೆಗೆ ಎಷ್ಟು ತಗೋತಾರೆ, ಎಷ್ಟು ದಿನಕ್ಕೆ ಕೊಡ್ತಾರೆ?’ ಎಂದು ಕೇಳಿ. ಇಂಥ ಸಣ್ಣ ಕಸುಬಿನ ಪ್ರಶ್ನೆಗೆ ಜನ ಸಾಮಾನ್ಯವಾಗಿ ಬಾಯಿ ಬಿಡುತ್ತಾರೆ, ಮಾತಿನ ಮಧ್ಯೆ ಅವರ ಕಷ್ಟವೂ ಒಂದಿಷ್ಟು ಹೊರಬರುತ್ತದೆ. ಸೀಸನ್ ನಡುವೆ ಫೋನ್ ಮಾಡಬೇಡಿ, ಅವರಿಗೂ ಪುರುಸೊತ್ತಿರುವುದಿಲ್ಲ. ದರ ಎಷ್ಟೆಂದು ಮೊದಲ ಮಾತಿಗೇ ಕೇಳಬೇಡಿ, ನೀವು ಮೊದಲು ನಿಮ್ಮ ಖರ್ಚಿನ ಲೆಕ್ಕ ಹೇಳಿದರೆ ಅವರೂ ಹೇಳುವ ಸಾಧ್ಯತೆ ಹೆಚ್ಚು. ಅವರು ಜಾರಿಕೊಂಡರೆ ರೀಲ್‌ನ ಕೆಳಗಿನ ಬರಹ ನೋಡಿ. ಎಡಿಟರ್, ಡ್ರೋನ್‌ನವರು, ಎರಡನೇ ಕ್ಯಾಮೆರಾದವರು ಯಾರು ಎಂದು ಅನೇಕರು ಅಲ್ಲೇ ಟ್ಯಾಗ್ ಮಾಡಿರುತ್ತಾರೆ. ಆ ಎಡಿಟರ್‌ಗೆ ನೀವೇ ಮೆಸೇಜ್ ಮಾಡಿ 50 ಫೋಟೊದ ದರ ಕೇಳಬಹುದು.